ಅಚ್ಚಾದ ಕುಳ, ಬರೆದ ಕುಳ

ಕನ್ನಡದಲ್ಲಿ ‘ಕುಳ’ ಎಂದರೆ ತೆರಿಗೆ ಕಟ್ಟುವವ, ಅನುಕೂಲಸ್ಥ. ಮರಾಠಿಯ ಜಮೀನು ದಾಖಲೆಯಲ್ಲಿ ಅದೇ ಪದಕ್ಕೆ ಗೇಣಿದಾರ ಎಂಬ ಅರ್ಥ. ಆದರೆ ಅನುವಾದಕನಿಗೆ ಅರ್ಥಕ್ಕಿಂತ ಮೊದಲೇ ಎದುರಾಗುವ ಪ್ರಶ್ನೆ ಇನ್ನೊಂದು: ಆ ಪದ ಹಾಳೆಯ ಮೇಲೆ ಅಚ್ಚಾಗಿದೆಯೋ, ಯಾರಾದರೂ ಬರೆದಿದ್ದಾರೋ?

ನಾಸಿಕ ಜಿಲ್ಲೆಯ ಇಗತಪುರಿ ತಾಲ್ಲೂಕಿನ ಒಂದು ಭತ್ತದ ಗದ್ದೆಯ ಹಳೆಯ ‘ಸಾತ-ಬಾರಾ’ ನನ್ನ ಬಳಿ ಬಂದಿತ್ತು. ನಮ್ಮ ಪಹಣಿಯಂಥ ದಾಖಲೆ ಅದು. ಗ್ರಾಮ ನಮೂನೆ ಏಳು ಹಕ್ಕುಗಳನ್ನು, ನಮೂನೆ ಹನ್ನೆರಡು ಬೆಳೆಗಳನ್ನು ಹೇಳುತ್ತದೆ. ಈಗ ಹುಬ್ಬಳ್ಳಿಯಲ್ಲಿರುವ ಕುಟುಂಬವೊಂದಕ್ಕೆ ಅದನ್ನು ಕನ್ನಡದಲ್ಲಿ ಓದಬೇಕಿತ್ತು. ಜೊತೆಗೆ, ಹಿಂದೆ ಯಾರೋ ಟೈಪ್ ಮಾಡಿಕೊಟ್ಟ ಮರಾಠಿ ಪ್ರತಿಯೂ ಇತ್ತು. ಅದರಲ್ಲಿ ‘ಕುಳಾಚೆ ನಾವ’, ಅಂದರೆ ಗೇಣಿದಾರನ ಹೆಸರು, ಎಂಬುದರ ಮುಂದೆ ಒಂದು ಅಡ್ಡಹೆಸರು ಕೂತಿತ್ತು. ಗದ್ದೆ ಕೊಳ್ಳಲು ಬಂದವರ ವಕೀಲರು ಕೇಳಿದ್ದು ಒಂದೇ: ಈ ಗೇಣಿದಾರ ಯಾರು?

ಪ್ರಶ್ನೆ ಸಣ್ಣದಲ್ಲ. 1948ರ ಮುಂಬಯಿ ಗೇಣಿ ಕಾಯ್ದೆಯ ಪ್ರಕಾರ 1957ರ ಏಪ್ರಿಲ್ 1ರಂದು ಉಳುತ್ತಿದ್ದ ಗೇಣಿದಾರ, ಕೆಲವು ಷರತ್ತುಗಳಿಗೆ ಒಳಪಟ್ಟು, ಭೂಮಿಯನ್ನು ಕೊಂಡವನೆಂದೇ ಲೆಕ್ಕ. ಹಾಗೆ ಕೊಂಡ ಭೂಮಿಯನ್ನು ಮಾರಲು 43ನೇ ಕಲಮಿನ ನಿರ್ಬಂಧವೂ ಇದೆ.

ಮೂಲದ ಜೆರಾಕ್ಸ್ ನೋಡಿದೆ. ಎಡ ಅಂಕಣದಲ್ಲಿ ಭೋಗವಟಾದಾರನ, ಅಂದರೆ ಜಮೀನು ಯಾರ ಸ್ವಾಧೀನದಲ್ಲಿದೆಯೋ ಅವರ ಹೆಸರು. ಬಲ ಅಂಕಣದಲ್ಲಿ ‘ಕುಳಾಚೆ ನಾವ’, ಅದರ ಕೆಳಗೆ ‘ಇತರ ಅಧಿಕಾರ’. ಜೆರಾಕ್ಸಿನಲ್ಲಿ ಶಾಯಿಯೂ ಅಚ್ಚೂ ಒಂದೇ ಕಪ್ಪು. ಆದ್ದರಿಂದ ಅದೇ ಪುಸ್ತಕದ ಇನ್ನೊಂದು ಹಾಳೆಯನ್ನು ತರಿಸಿ ಪಕ್ಕದಲ್ಲಿಟ್ಟೆ. ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇರುವುದು ಅಚ್ಚು. ಬದಲಾಗುವುದು ಬರಹ. ಆಕಾರ ಒಂದೇ ಇದ್ದು ಜಾಗ ಸರಿದಿದ್ದರೆ, ಸ್ವಲ್ಪ ವಾಲಿದ್ದರೆ, ಅದು ರಬ್ಬರ್ ಮೊಹರು. ‘ಕುಳಾಚೆ ನಾವ’ ಎರಡು ಹಾಳೆಯಲ್ಲೂ ಕದಲಲಿಲ್ಲ. ಅಂದರೆ ಅದು ನಮೂನೆ ಕೇಳುವ ಪ್ರಶ್ನೆ, ತಲಾಠಿ ಕೊಟ್ಟ ಉತ್ತರವಲ್ಲ.

ಹಾಗಾದರೆ ಅಡ್ಡಹೆಸರು? ಎಡ ಅಂಕಣದಲ್ಲಿ ಬರೆದ ಉದ್ದ ಹೆಸರಿನ ಶಿರೋರೇಖೆ ನಡುವಿನ ಗೆರೆಯನ್ನು ದಾಟಿ ಬಲಕ್ಕೆ ಹರಿದಿತ್ತು. ಕೈ ಎಲ್ಲೂ ಎತ್ತಿರಲಿಲ್ಲ. ಜಾಗ ಸಾಲದೆ ಸ್ವಾಧೀನದಾರನ ಅಡ್ಡಹೆಸರೇ ಪಕ್ಕದ ಮನೆಗೆ ಹೋಗಿ, ಅಚ್ಚಾದ ‘ಕುಳ’ದ ಕೆಳಗೆ ಬಿದ್ದಿತ್ತು. ಹೆಸರಿನ ಕೊನೆಗೆ ವೃತ್ತದೊಳಗೆ ಒಂದು ಸಂಖ್ಯೆ: ಫೇರಫಾರ್, ಅಂದರೆ ಹಕ್ಕು ಬದಲಾವಣೆಯ ಸಂಖ್ಯೆ. ಆ ಸಂಖ್ಯೆ ಹಿಡಿದು ಗ್ರಾಮ ನಮೂನೆ ಆರರ ಪ್ರತಿ ತರಿಸಿದಾಗ ಅಲ್ಲಿದ್ದದ್ದು ವಾರಸಾ ನಮೂದು, ಪೂರ್ತಿ ಹೆಸರಿನೊಂದಿಗೆ. ಗೇಣಿಯ ಮಾತೇ ಇರಲಿಲ್ಲ.

ಅದೇ ಹಾಳೆಯಲ್ಲಿ ಇನ್ನೊಂದು ಬಲೆ ಇತ್ತು. ಹಕ್ಕು ಬದಲಾದಾಗ ತಲಾಠಿ ಹಳೆಯ ಹೆಸರನ್ನು ಕಂಸದೊಳಗೆ ಹಾಕಿ, ಹೊಸ ಹೆಸರನ್ನು ಕೆಳಗೆ ಬರೆಯುತ್ತಿದ್ದ. ಕಂಸ ಎಂದರೆ ಇಲ್ಲಿ ರದ್ದು. ಟೈಪ್ ಪ್ರತಿಯಲ್ಲಿ ಅದು ಸಾಮಾನ್ಯ ಆವರಣ ಚಿಹ್ನೆಯಾಗಿ, ತೀರಿಹೋದ ಅಜ್ಜ ಮೊಮ್ಮಗನ ಇನ್ನೊಂದು ಹೆಸರಿನಂತೆ ಕಾಣುತ್ತಿದ್ದ.

ಲಿಪ್ಯಂತರದಲ್ಲಿ ಇವನ್ನೆಲ್ಲ ಹೇಗೆ ತೋರಿಸುವುದು? ಇಂಗ್ಲಿಷಿನಲ್ಲಿ ಬರಹವನ್ನು ವಾಲಿದ ಅಕ್ಷರದಲ್ಲಿ ಕೊಡುವವರಿದ್ದಾರೆ. ಕನ್ನಡದ ಬಹುತೇಕ ಫಾಂಟುಗಳಿಗೆ ನಿಜವಾದ ವಾಲು ರೂಪವಿಲ್ಲ. ಇರುವ ಅಕ್ಷರವನ್ನೇ ತಂತ್ರಾಂಶ ಓರೆ ಮಾಡುತ್ತದೆ. ಕಡತ ಇಮೇಲಿಗೆ ಅಂಟಿಸಿದಾಗ ಆ ಓರೆಯೂ ಹೋಗಬಹುದು. ಆದ್ದರಿಂದ ನಾನು ಕಳೆಯದ ಗುರುತು ಬಳಸುತ್ತೇನೆ: ಅಚ್ಚು ಹಾಗೇ, ಕೈಬರಹ ‹ › ಒಳಗೆ, ನನ್ನ ಮಾತು [ ] ಒಳಗೆ.

```
ಗೇಣಿದಾರನ ಹೆಸರು: [ಖಾಲಿ]
ಇತರ ಹಕ್ಕು: ‹ನಿರಂಕ›
ವರ್ಷ: 19‹62›
```

ಮೊದಲ ಸಾಲಿನಲ್ಲಿ ಯಾರೂ ಏನೂ ಬರೆದಿಲ್ಲ. ಎರಡನೆಯದರಲ್ಲಿ ‘ಏನೂ ಇಲ್ಲ’ ಎಂದು ಒಬ್ಬ ಅಧಿಕಾರಿ ಬರೆದಿದ್ದಾನೆ. ಎರಡನ್ನೂ ‘ಇಲ್ಲ’ ಎಂದು ಅನುವಾದಿಸಿದರೆ ಖಾಲಿ ಜಾಗಕ್ಕೆ ನಾನೇ ಸಾಕ್ಷಿ ಹೇಳಿದಂತೆ. ಮೂರನೆಯದರಲ್ಲಿ 19 ಅಚ್ಚಾದದ್ದು, ತಲಾಠಿ ತುಂಬಿದ್ದು ಎರಡೇ ಅಂಕಿ. ಓದು ಅನುಮಾನವಾದರೆ ಆ ಎರಡನ್ನಷ್ಟೇ ಅನುಮಾನಿಸಬೇಕು.

ಕಂಪ್ಯೂಟರ್ ಮುದ್ರಿಸುವ ಇಂದಿನ ಸಾತ-ಬಾರಾದಲ್ಲಿ ಪ್ರಶ್ನೆಗೂ ಉತ್ತರಕ್ಕೂ ಒಂದೇ ಅಕ್ಷರ. ಕೈಬರಹದಿಂದ ಅದಕ್ಕೆ ಏರಿಸುವಾಗ ಅಂಕಣ ತಪ್ಪಿದ್ದರೆ, ಹೊಸ ಹಾಳೆಯನ್ನು ಎಷ್ಟು ದಿಟ್ಟಿಸಿದರೂ ತಿಳಿಯದು. ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 155ನೇ ಕಲಮು ಬರಹದ ತಪ್ಪು ತಿದ್ದಲು ಅವಕಾಶ ಕೊಡುತ್ತದೆ. ಆದರೆ ಅದು ಬರಹದ ತಪ್ಪೇ ಎಂದು ತೋರಿಸಲು ಆ ಹಳೆಯ ಹಾಳೆ, ಗೆರೆ ದಾಟಿದ ಆ ಶಿರೋರೇಖೆ ಬೇಕು. ಹುಬ್ಬಳ್ಳಿಯವರಿಗೆ ಅನುವಾದದ ಜೊತೆ ಜೆರಾಕ್ಸನ್ನೂ ಲಗತ್ತಿಸಿ, ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದೆ.