ಜೂನ್ ಒಂದರ ಮದುಮಗ

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ನಮ್ಮ ಕನ್ನಡ ಮನೆಗಳು 1956ರಲ್ಲಿ ಆಂಧ್ರಕ್ಕೆ, 2014ರಲ್ಲಿ ತೆಲಂಗಾಣಕ್ಕೆ ಸೇರಿದರೂ ಮದುವೆಯ ದಿನ ಹಿಡಿಯುವುದು ಪಂಚಾಂಗ ನೋಡಿಯೇ. ಈಗ ಪಂಚಾಂಗದ ಪಕ್ಕದಲ್ಲಿ ಸಂಖ್ಯಾಶಾಸ್ತ್ರವೂ ಬಂದು ಕುಳಿತಿದೆ. ತಿಥಿ, ನಕ್ಷತ್ರ ಕೂಡಿಬಂದರೆ ಸಾಲದು, ಇಂಗ್ಲಿಷ್ ತಾರೀಖೂ ಕೂಡಿಬರಬೇಕು.

ಇದರಲ್ಲಿ ಪಂಥಗಳು ಹಲವು. ನಮ್ಮ ಅಕ್ಕನ ಮಗನ ಮದುವೆಗೆ ಬಳಸಿದ ಕ್ರಮ ಸರಳವಾದದ್ದು. ವರ ಹುಟ್ಟಿದ ದಿನದ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಬೇಕು. ಅದು ಅವನ ಜನ್ಮಸಂಖ್ಯೆ. ವಧುವಿನದನ್ನೂ ಹಾಗೆಯೇ ತೆಗೆದು, ಎರಡನ್ನೂ ಕೂಡಬೇಕು. ಮದುವೆಯ ದಿನ, ತಿಂಗಳು, ವರ್ಷಗಳ ಮೊತ್ತ ಅದೇ ಅಂಕಿಗೆ ಬಂದರೆ ಶುಭ.

ಪುರೋಹಿತರು ಕೊಟ್ಟದ್ದು 30-4-2025, ಅಕ್ಷಯ ತೃತೀಯ. ಅಂಕಿಗಳ ಮೊತ್ತ 16, ಅಂದರೆ 7. ಹುಡುಗಿ ಹುಟ್ಟಿದ್ದು ಆಸ್ಪತ್ರೆಯಲ್ಲಿ, 11ನೆಯ ತಾರೀಖು. ಅವಳ ಸಂಖ್ಯೆ 2. ಹುಡುಗನ ದಾಖಲೆಯಲ್ಲಿ 1-6-1994; ಅವನದು 1. ಇಬ್ಬರದೂ ಸೇರಿ 3. ಏಳಕ್ಕೂ ಮೂರಕ್ಕೂ ಹೊಂದದು ಎಂದು ಸಂಖ್ಯಾಶಾಸ್ತ್ರಿಗಳು 26ನ್ನು ಸೂಚಿಸಿದರು. ಅದರ ಮೊತ್ತ 21, ಅಂದರೆ 3. ಪುರೋಹಿತರು ತಲೆಯಾಡಿಸಿದರು: ಮರುದಿನವೇ ಅಮಾವಾಸ್ಯೆ! ಬೀಗರ ಮುಖ ಸಪ್ಪಗಾಯಿತು.

ಆ ಜೂನ್ ಒಂದು ನನ್ನ ಕಣ್ಣಿಗೆ ಹೊಸದಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಖಾತೆಯ ಅರ್ಜಿಗಳನ್ನು ನೋಡುವವನಿಗೆ ಅದು ದಿನನಿತ್ಯದ ತಾರೀಖು. ಶಾಲೆ ಸುರುವಾಗುವುದು ಜೂನಿನಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಮಾಸ್ತರರು ವಯಸ್ಸು ಸರಿಹೋಗುವಂತೆ ಜೂನ್ ಒಂದನ್ನು ಬರೆದುಕೊಳ್ಳುತ್ತಿದ್ದರು. ಹೀಗೆ ಹಳ್ಳಿಗೆ ಹಳ್ಳಿಯೇ ಒಂದನೆಯ ಸಂಖ್ಯೆಯದಾಗಿಬಿಟ್ಟಿದೆ.

ಅಕ್ಕನನ್ನೇ ಕೇಳಿದೆ. "ಕಾರಹುಣ್ಣಿವಿ ದಿನ, ಎತ್ತಿನ ಕೋಡಿಗಿ ಬಣ್ಣಾ ಹಚ್ಚೂ ಹೊತ್ತಿಗಿ ಹುಟ್ಯಾನ. ಸಾಲಿ ಮಾಸ್ತರ್ ಏನ್ ಬರದಾರೋ ನಮಗೇನ್ ಗೊತ್ತೋ ತಮ್ಮಾ" ಎಂದಳು. ಹಳೆಯ ಪಂಚಾಂಗ ತೆಗೆಸಿ ನೋಡಿದರೆ 1994ರ ಕಾರಹುಣ್ಣಿಮೆ ಜೂನ್ 23. ಎರಡೂ ಮೂರೂ 5. ಹುಡುಗಿಯ 2 ಸೇರಿಸಿದರೆ 7. ಬೇಡವೆಂದಿದ್ದ ಅಕ್ಷಯ ತೃತೀಯವೇ ಈಗ ಶುಭದಿನ!

ಎರಡು ಸಲವೂ ಕೂಡಿಕೆ ಸರಿಯಾಗಿಯೇ ಇತ್ತು, ಬದಲಾದದ್ದು ಬರೆದುಕೊಂಡ ಅಂಕಿ ಮಾತ್ರ. ವೋಚರಿನಲ್ಲೇ ಮೊತ್ತ ತಪ್ಪಿದ್ದರೆ ಲೆಡ್ಜರನ್ನು ಎಷ್ಟು ಸಲ ಕೂಡಿದರೂ ಅದು ಸಿಕ್ಕುವುದಿಲ್ಲ. ಇನ್ನೊಂದು ಮಾತು: ಉಳಿಯುವುದು ಒಂಬತ್ತೇ ಅಂಕಿಗಳಾದ್ದರಿಂದ ತಿಂಗಳಲ್ಲಿ ಮೂರೋ ನಾಲ್ಕೋ ತಾರೀಖುಗಳು ಯಾವ ಜೋಡಿಗಾದರೂ ಹೊಂದಿಯೇ ಹೊಂದುತ್ತವೆ. ಆ ಏಪ್ರಿಲಿನಲ್ಲಿ ಏಳು ಬರುವ ದಿನಗಳೇ ನಾಲ್ಕಿದ್ದವು: 3, 12, 21, 30.

ಇದನ್ನೆಲ್ಲ ನಾನು ಬೀಗರಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ಕಾರಹುಣ್ಣಿಮೆಯ ತಾರೀಖನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಬೆರಳೆಣಿಸಿ ಕೂಡಿ, ನಕ್ಕು, ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟರು.