ಕಿಟಕಿ ಕಾಗದದ ಟೀಚರ್



ಕಳೆದ ಮೇ 31ರಂದು ನಮ್ಮ ಶಾಲೆಯ ಟೀಚರ್ ನಿವೃತ್ತರಾದರು. ನಮ್ಮ ಚರ್ಚಿನ ಇಂದಿನ ಯುವಕ ಯುವತಿಯರಲ್ಲಿ ಅರ್ಧಕ್ಕರ್ಧ ಜನ ಅವರ ಬೆಂಚಿನಿಂದ ಎದ್ದು ಬಂದವರು. ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಅವರು ಒಂದೇ ಮಾತು ಹೇಳಿದರು: "ಬರಿ ಮಗಾ, ಹೆಸರು ಮಾತ್ರ ಹಾಕಬೇಡ." ಹಾಗಾಗಿ ಇಲ್ಲಿ ಅವರು ಬರೀ 'ಟೀಚರ್'. ಓದುವ ನಿಮಗೆ ಯಾರೆಂದು ಗೊತ್ತಾಗದೆ ಇರುವುದಿಲ್ಲ.

ಕೇರಳದಲ್ಲಿ ನಮ್ಮ ಟೀಚರ್ ಕಾಲದಲ್ಲಿ ಕೆಲಸಕ್ಕೆ ಸೇರಿದ ಶಿಕ್ಷಕರಿಗೆ 56ಕ್ಕೆ ನಿವೃತ್ತಿ. ಅದರಲ್ಲೂ ಮೇ 31ಕ್ಕೆ ನಿವೃತ್ತರಾಗುವವರೇ ಹೆಚ್ಚು. ಹಿಂದಿನ ಕಾಲದಲ್ಲಿ ಜೂನ್‌ನಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೊಂದಲಿ ಎಂದು ಎಷ್ಟೋ ಮಕ್ಕಳ ಹುಟ್ಟಿದ ದಿನವನ್ನು ಮೇ ತಿಂಗಳಿಗೆ ಬರೆಸುತ್ತಿದ್ದರಂತೆ. ನಮ್ಮ ಟೀಚರ್ ಕೂಡ ಹಾಗೆ ಮೇಯಲ್ಲಿ 'ಹುಟ್ಟಿದವರು'. ಇದರಿಂದ ಆಗುವುದೇನೆಂದರೆ, ಬೇಸಿಗೆ ರಜೆಯಲ್ಲಿ, ಶಾಲೆಯಲ್ಲಿ ಒಂದು ಮಗುವೂ ಇಲ್ಲದ ದಿನ ಅವರ ಕೆಲಸ ಮುಗಿಯುತ್ತದೆ. ಮಾರ್ಚ್‌ನಲ್ಲಿ ಬೀಳ್ಕೊಡುಗೆ ಮಾಡಿದ್ದೆವು. ಆದರೂ ಆ ಕೊನೆಯ ದಿನ ಅವರು ಒಬ್ಬರೇ ಹೋಗಿ, ರಿಜಿಸ್ಟರಿಗೆ ಸಹಿ ಹಾಕಿ, ಬೀಗ ಹಾಕಿದ ಕ್ಲಾಸಿನ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದರಂತೆ.

ನಾನು ಹೇಳಹೊರಟದ್ದು ಮೂರನೇ ಕ್ಲಾಸಿನ ಸಂಗತಿ. ಆಗ ನನಗೆ ಓದಲು ಬರುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕೊಂಕಣಿ, ಆಟದ ಬಯಲಿನಲ್ಲಿ ತುಳು, ಬಸ್ಸಿನಲ್ಲಿ, ಪೇಟೆಯಲ್ಲಿ ಮಲೆಯಾಳ. ಕನ್ನಡ ನನಗೆ ಶಾಲೆಯೊಳಗಿನ ಭಾಷೆ ಮಾತ್ರ. ಆದರೆ ನನ್ನ ಕಿವಿ ಚುರುಕು. ಪಕ್ಕದವನು ಎರಡು ಸಲ ಓದಿದರೆ ಇಡೀ ಪಾಠ ನನಗೆ ಬಾಯಿಪಾಠ. ಪುಸ್ತಕ ಹಿಡಿದು, ಬೆರಳು ಓಡಿಸುತ್ತಾ, ತಡವರಿಸದೆ ಹೇಳುತ್ತಿದ್ದೆ. ಎರಡು ವರ್ಷ 'ಚೆನ್ನಾಗಿ ಓದುವ ಹುಡುಗ' ಎಂಬ ಹೆಸರು ಬೇರೆ.

ಟೀಚರ್ ಅದನ್ನು ಹಿಡಿದದ್ದು ಜೂನ್ ತಿಂಗಳ ಎರಡನೇ ವಾರದಲ್ಲಿ. ನನ್ನ ಬಾಯಿ ಸಾಲಿನ ಕೊನೆಗೆ ತಲುಪಿದಾಗ ಬೆರಳು ಇನ್ನೂ ಸಾಲಿನ ನಡುವೆ ಇತ್ತಂತೆ. ಅವರು ಏನೂ ಹೇಳಲಿಲ್ಲ. ಮೇಜಿನೊಳಗಿಂದ ಒಂದು ಹಳೆಯ ಮದುವೆ ಕಾಗದ ತೆಗೆದು, ಬ್ಲೇಡಿನಿಂದ ನಡುವೆ ಒಂದು ಸಣ್ಣ ಕಿಟಕಿ ಕೊರೆದರು. ಒಂದು ಪದ ಮಾತ್ರ ಕಾಣುವಷ್ಟು ಕಿಟಕಿ. ಅದನ್ನು ಪುಟದ ಮೇಲಿಟ್ಟು ಪಾಠದ ಕೊನೆಯ ಸಾಲಿನಿಂದ ಹಿಂದಕ್ಕೆ ಸರಿಸತೊಡಗಿದರು. ನನ್ನ ಬಾಯಿ ಕಟ್ಟಿಹೋಯಿತು.

"ಎಂತ ಮಗಾ, ಇಷ್ಟು ದಿನ ನೀನು ಓದಿದ್ದಾ, ಹೇಳಿದ್ದಾ?" ಎಂದು ಮೆಲ್ಲ ಕೇಳಿದರು. ಬೇರೆ ಯಾರಿಗೂ ಕೇಳಿಸದ ಹಾಗೆ. ನಾನು ಅತ್ತೆ. "ಅಳುವುದು ಬೇಡ. ಹೇಳಲು ಬರುವವನಿಗೆ ಓದಲು ಬರುವುದು ಕಷ್ಟ ಇಲ್ಲ" ಎಂದರು.

ಮರುದಿನದಿಂದ ಮಧ್ಯಾಹ್ನದ ಊಟದ ಬೆಲ್ಲಿಗೆ ಮೊದಲು ಇಪ್ಪತ್ತು ನಿಮಿಷ, ನಾವು ಮೂವರು ಜಗಲಿಯಲ್ಲಿ. ಟೀಚರ್ ವರ್ಣಮಾಲೆಯನ್ನು ಅ ಆ ಇ ಈ ಎಂದು ಮೊದಲಿಂದ ಶುರು ಮಾಡಲಿಲ್ಲ. ಅದು ನಮಗೆ ಹಾಡಿನ ಹಾಗೆ ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅವರು ರೂಪ ನೋಡಿ ಅಕ್ಷರಗಳನ್ನು ಗುಂಪು ಮಾಡಿದರು. ಪ ಬರೆದು ಅದರ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಷ, ಬುಡದಲ್ಲಿ ಗೀರು ಹಾಕಿದರೆ ಫ. ನನಗೆ ಅತಿ ಹೆಚ್ಚು ಗಲಿಬಿಲಿ 'ಮ' ಮತ್ತು 'ವು' ನಡುವೆ. "ಬಾಲ ನೋಡು. ಮ ದ ಬಾಲ ಗಿಡ್ಡ, ವು ದ ಬಾಲ ತಲೆಯವರೆಗೆ" ಎಂದು ನೆಲದಲ್ಲಿ ಸೀಮೆಸುಣ್ಣದಿಂದ ಮೊಣಕೈ ಉದ್ದಕ್ಕೆ ಬರೆದು, ಅದರ ಮೇಲೆ ನಡೆಸಿದರು. 'ಹೂವು' ಎಂಬಲ್ಲಿ 'ಹೂಮ' ಎಂದು ಓದುವುದು ಆ ವಾರಕ್ಕೇ ನಿಂತಿತು.

ನಂತರ ಬಂತು ಒತ್ತಕ್ಷರ. ಹೆಚ್ಚಿನ ಅಕ್ಷರಗಳ ಒತ್ತು ಅದೇ ಅಕ್ಷರದ ತಲೆಕಟ್ಟು ತೆಗೆದ ರೂಪ. ಅಕ್ಕ, ಅಪ್ಪ, ಅಣ್ಣ ಓದಲು ತೊಂದರೆಯಾಗುವುದಿಲ್ಲ, ಕೆಳಗೆ ಇರುವವನು ಯಾರೆಂದು ಮುಖ ನೋಡಿದರೆ ತಿಳಿಯುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರು ಅಕ್ಷರಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಅತ್ತೆ, ಅನ್ನ, ಅಮ್ಮ ಎಂದು ಬರೆದು ನೋಡಿ. ಟೀಚರ್ ಇವುಗಳಿಗೆ 'ವೇಷ ಹಾಕುವ ಆರು ಜನ' ಎಂದು ಹೆಸರಿಟ್ಟಿದ್ದರು. ಯಕ್ಷಗಾನ ನೋಡಿ ಬೆಳೆದ ಊರು ನಮ್ಮದು. ವೇಷದ ಒಳಗೆ ಯಾರಿದ್ದಾರೆಂದು ಪತ್ತೆಹಚ್ಚುವುದು ನಮಗೆ ಆಟವೇ. ಈ ಆರನ್ನು ಬೇರೆ ತೆಗೆದು ಕಲಿಸಿದ್ದರಿಂದ ಉಳಿದವುಗಳ ಭಯ ಹೋಯಿತು.

ಕೊನೆಯ ಬಾಗಿಲು ಅರ್ಕಾವತ್ತು. 'ಸೂರ್ಯ' ಎಂಬ ಪದವನ್ನು ನಾನು 'ಸೂಯರ' ಎಂದು ಓದುತ್ತಿದ್ದೆ. ನನ್ನ ತಪ್ಪಿಗೂ ಒಂದು ನ್ಯಾಯ ಇತ್ತು ಎಂದು ಈಗ ಅನ್ನಿಸುತ್ತದೆ. ಕಣ್ಣಿಗೆ ಮೊದಲು ಕಾಣುವುದು ಯ, ಆಮೇಲೆ ಅದರ ಪಕ್ಕದ ಕೊಕ್ಕೆ. ಬಾಯಿಗೆ ಮಾತ್ರ ಮೊದಲು ಬರಬೇಕಾದದ್ದು ರ್. ಟೀಚರ್ ಹುಣಸೆ ಬೀಜ ತಂದರು. ಪುಸ್ತಕ ಮುಚ್ಚಿಸಿ, ಪದವನ್ನು ನಿಧಾನವಾಗಿ ಹೇಳಿಸಿ, ಕಿವಿಗೆ ಕೇಳಿದ ಪ್ರತಿ ಸದ್ದಿಗೂ ಒಂದು ಬೀಜ ಇಡಿಸಿದರು. ಸೂ ಒಂದು, ರ್ ಒಂದು, ಯ ಒಂದು. ಆಮೇಲೆ ಬೀಜಗಳ ಕೆಳಗೆ ಬರೆಯಿಸಿ, ಪುಸ್ತಕ ತೆರೆದು ತೋರಿಸಿದರು. "ಈ ಕೊಕ್ಕೆಯವನು ಹಿಂದೆ ಬಂದು ನಿಂತರೂ ಮಾತಾಡುವುದು ಮೊದಲು" ಎಂದರು.

ಪರೀಕ್ಷೆಗೆ ಅವರು ಕೊಟ್ಟ ಪದ 'ಪ್ರಾರ್ಥನೆ'. ಈ ಒಂದೇ ಪದದಲ್ಲಿ ರಕಾರ ಎರಡು ಸಲ ಬರುತ್ತದೆ, ಎರಡು ಸಲವೂ ಬೇರೆ ವೇಷದಲ್ಲಿ. 'ಪ್ರಾ' ಎಂಬಲ್ಲಿ ಅದು ಪ ದ ಕೆಳಗೆ ಇದೆ, ಸದ್ದು ಪ ದ ನಂತರ. 'ರ್ಥ' ಎಂಬಲ್ಲಿ ಅದು ಥ ದ ಪಕ್ಕದಲ್ಲಿದೆ, ಸದ್ದು ಥ ಗಿಂತ ಮೊದಲು. ನಾನು ಆರು ಬೀಜ ಇಟ್ಟೆ: ಪ್, ರಾ, ರ್, ಥ, ನೆ. ಎಣಿಸಿ ನೋಡಿದರೆ ಐದೇ ಸದ್ದು, ಒಂದು ಬೀಜ ಹೆಚ್ಚು. ಟೀಚರ್ ನಕ್ಕು ಆ ಬೀಜವನ್ನು ನನ್ನ ಕಿಸೆಗೆ ಹಾಕಿದರು. ಓಣಂ ಪರೀಕ್ಷೆಗೆ ಮೊದಲು ನಾನು ನೋಡದ ಪುಟವೊಂದನ್ನು ಕಿಟಕಿ ಕಾಗದ ಇಟ್ಟು ಓದಿದೆ.

ಮೂವರಿಗೂ ಹೀಗೇ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಒಬ್ಬನಿಗೆ ಎಷ್ಟು ಬೀಜ ಇಟ್ಟರೂ ಹತ್ತಲಿಲ್ಲ. ನೆಲದ ದೊಡ್ಡ ಅಕ್ಷರ ಸರಿಯಾಗಿ ಓದುತ್ತಿದ್ದ, ಪುಸ್ತಕದ್ದು ಮಾತ್ರ ತಪ್ಪುತ್ತಿದ್ದ. ಅದನ್ನು ಗಮನಿಸಿ ಟೀಚರ್ ಅವನ ಅಪ್ಪನನ್ನು ಕರೆಸಿ, "ಇವನಿಗೆ ಪಾಠ ಅಲ್ಲ, ಕನ್ನಡಕ ಬೇಕು" ಎಂದರು. ಕನ್ನಡಕ ಬಂದ ಮೇಲೆ ಅವನು ನನಗಿಂತ ಮುಂದೆ ಹೋದ.

ಆ ವರ್ಷ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಅಜ್ಜಿ ಕಣ್ಣು ಮಂಜಾಯಿತೆಂದು ತಮ್ಮ ಕೊಂಕಣಿ ಪ್ರಾರ್ಥನೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಮ್ಮ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ ತಾನೇ. ಪದಗಳ ಕೊನೆಯಲ್ಲಿ ಸಾಲು ಸಾಲು ಅರ್ಧಾಕ್ಷರ. ಒಂದೊಂದೇ ಕೂಡಿಸಿ ಓದಿದೆ. ಟೀಚರಿಗೆ ಕೊಂಕಣಿ ಬಾರದು, ಅವರು ತುಳು ಮನೆಯವರು, ನಮ್ಮ ಚರ್ಚಿನವರೂ ಅಲ್ಲ. ಆದರೂ ಅಜ್ಜಿಯ ಪುಸ್ತಕ ನನಗೆ ತೆರೆದದ್ದು ಅವರ ಹುಣಸೆ ಬೀಜದಿಂದ.

ಇನ್ನು ನಾನು ಇಷ್ಟು ವರ್ಷ ಹೇಳದೆ ಇಟ್ಟುಕೊಂಡ ಮಾತು. ನಾಲ್ಕನೇ ಕ್ಲಾಸು ಮುಗಿದಾಗ ಮನೆಯವರು ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದರು. ಟಿ.ಸಿ. ಕೇಳಲು ಅಮ್ಮನ ಜೊತೆ ನಾನೂ ಹೋಗಿದ್ದೆ. ಟೀಚರ್ ತಡೆಯಲಿಲ್ಲ. "ಕರಕೊಂಡು ಹೋಗಿ. ಮನೆಯಲ್ಲಿ ದಿನಕ್ಕೊಂದು ಪುಟ ಕನ್ನಡ ಓದಿಸಿ, ಇಲ್ಲದಿದ್ದರೆ ಮರೆತಾನು" ಎಂದರು, ಅಷ್ಟೇ.

ನಮ್ಮಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ವರ್ಷ ಶಾಲೆಗೆ ಎಷ್ಟು ಡಿವಿಜನ್, ಎಷ್ಟು ಶಿಕ್ಷಕರು ಎಂಬುದು ಆ ಲೆಕ್ಕದ ಮೇಲೆ ನಿಲ್ಲುತ್ತದೆ. ಕನ್ನಡ ಮೀಡಿಯಂ ಶಾಲೆಗಳಲ್ಲಿ ಆ ವಾರ ಟೀಚರುಗಳು ಮನೆಮನೆಗೆ ಹೋಗುವುದನ್ನು ನೀವೂ ನೋಡಿದ್ದೀರಿ. ಆ ವರ್ಷ ಐದನೇ ಕ್ಲಾಸಿಗೆ ಬೇಕಾದ ಲೆಕ್ಕಕ್ಕೆ ಒಂದಿಬ್ಬರು ಕಡಿಮೆ ಬಿದ್ದರು. ಒಂದು ಡಿವಿಜನ್ ಹೋಯಿತು. ಹೆಚ್ಚಾದ ಶಿಕ್ಷಕಿಯಾಗಿ ನಮ್ಮ ಟೀಚರ್ 'ಪ್ರೊಟೆಕ್ಟೆಡ್' ಎಂಬ ಹೆಸರಿನಲ್ಲಿ ಎರಡು ಬಸ್ಸು ಬದಲಿಸುವ ದೂರದ ಶಾಲೆಗೆ ಹೋದರು. ಮರಳಿ ಬರಲು ಕೆಲವು ವರ್ಷ ಬೇಕಾಯಿತು. ಆ ಒಂದಿಬ್ಬರಲ್ಲಿ ನಾನೊಬ್ಬ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಕಳೆದ ತಿಂಗಳು ಅವರ ಮನೆಗೆ ಹೋದಾಗ ಇದನ್ನು ಹೇಳಿದೆ. ಚಹಾ ಸೋಸುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ನನಗೆ ಆ ದಿನವೇ ಗೊತ್ತಿತ್ತು."

"ಮತ್ತೆ ಅಮ್ಮನಿಗೆ ಯಾಕೆ ಹೇಳಲಿಲ್ಲ ಟೀಚರ್?"

"ನನ್ನ ಕೆಲಸ ಉಳಿಸಲು ನಿನ್ನನ್ನು ಇಟ್ಟುಕೊಳ್ಳುವುದಾ? ನೀನು ಓದಲು ಕಲಿತು ಹೋದೆ. ಕಲಿಯದೆ ಹೋಗಿದ್ದರೆ ಬಿಡುತ್ತಿರಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಬೇಜಾರು ಆಗಿತ್ತು ಮಗಾ. ಇಲ್ಲ ಅಂತ ಹೇಳುವುದಿಲ್ಲ. ಬಸ್ಸಿನಲ್ಲಿ ನಿಂತು ನಿಂತು ಕಾಲು ನೋಯುತ್ತಿತ್ತು."

ಅದಕ್ಕೆ ಕ್ಷಮೆ ಕೇಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಚಹಾ ಕುಡಿದು ಬಂದೆ.

ಈಗ ಭಾನುವಾರದ ದೊತೊರ್ನ್ ಕ್ಲಾಸಿನಲ್ಲಿ ಮೂರನೆಯವರ ಗುಂಪು ನನ್ನದು. ಮೊನ್ನೆ ಒಬ್ಬ ಹುಡುಗ ಗಡಗಡ ಓದಿದ, ಬೆರಳು ಮಾತ್ರ ಹಿಂದೆ ಉಳಿಯಿತು. ಮನೆಗೆ ಬಂದು ಹಳೆಯ ಮದುವೆ ಕಾಗದ ಹುಡುಕಿ ಕಿಟಕಿ ಕೊರೆದೆ. ಹುಣಸೆ ಬೀಜವೂ ತೆಗೆದಿಟ್ಟಿದ್ದೇನೆ. ಎಲ್ಲಾದರೂ ನನಗೆ ತಪ್ಪಿದರೆ ಕೇಳಲು ಟೀಚರ್ ಇದ್ದಾರೆ. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ, ಮಧ್ಯಾಹ್ನ ಮೂರರ ನಂತರ ಮನೆಯಲ್ಲೇ ಇರುತ್ತೇನೆ ಎಂದು ಹೇಳಿದ್ದಾರೆ.

ಟೀಚರ್, ನಿಮಗೆ ಬಾರದ ನನ್ನ ಭಾಷೆಯಲ್ಲಿ, ನೀವು ಕಲಿಸಿದ ಅಕ್ಷರದಲ್ಲಿ ಬರೆಯುತ್ತೇನೆ: ದೇವ್ ಬರೆಂ ಕರುಂ.