ದಿನಕ್ಕೆ ಇಪ್ಪತ್ತೈದು ನಿಮಿಷ, ವಾರಕ್ಕೊಂದು ಮೆಟ್ಟಿಲು

ವೀಣೆ ಕಲಿಯುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, ಮೈಸೂರಿನಲ್ಲಿ ಪ್ರತಿ ಬೀದಿಯಲ್ಲೂ ಒಬ್ಬರಾದರೂ ಅಸುರ ಸಾಧನೆಯ ಮಾತು ತೆಗೆಯುತ್ತಾರೆ. ವೀಣೆ ಶೇಷಣ್ಣನವರು ಬದುಕಿ ಬಾಳಿದ ಊರು ಇದು, ಆ ಮಾತಿಗೆ ಇಲ್ಲಿ ತೂಕ ಹೆಚ್ಚು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು, ಬೆರಳು ಹರಿದರೂ ಬಿಡಬಾರದು, ಅಂತೆಲ್ಲ. ಕೇಳುವುದಕ್ಕೇನೋ ಚೆನ್ನಾಗಿರುತ್ತದೆ. ಆದರೆ ಸಂಸಾರವೂ ಕಚೇರಿಯೂ ಇರುವ, ನಡುವಯಸ್ಸು ದಾಟಿದ ನನ್ನಂಥವನಿಗೆ ಅಸುರನಾಗುವ ಅರ್ಹತೆ ಎಲ್ಲಿಂದ ಬರಬೇಕು? ಹಾಲಿನವನು ಬಂದು ಹೋದ ಮೇಲೆ, ಅಡುಗೆಮನೆಯ ಕುಕ್ಕರ್ ಕೂಗುವ ಮುನ್ನ, ನನ್ನದು ಅಂತ ಸಿಗುವುದು 25 ನಿಮಿಷ. ಆ 25 ನಿಮಿಷಕ್ಕೆ ನಾನು ಈಗ ಎಷ್ಟು ಒಗ್ಗಿಹೋಗಿದ್ದೇನೆ ಎಂದರೆ, ಒಂದು ಗಂಟೆ ಕೊಡುತ್ತೇವೆ ಅಂದರೂ ಬೇಡ ಅನ್ನುತ್ತೇನೆ.

ಬೇಡ ಅನ್ನುವುದಕ್ಕೆ ಕಾರಣ ಸೋಮಾರಿತನವಲ್ಲ, ಬೆರಳ ತುದಿ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ. ಉಕ್ಕಿನ ಸಾರಣಿ ತಂತಿಯನ್ನು ಅವುಗಳ ಮೇಲೆ ಒತ್ತಿದಾಗ ಹೊಸಬನ ಎಡಗೈ ತೋರುಬೆರಳಲ್ಲೂ ನಡುಬೆರಳಲ್ಲೂ ಗೆರೆ ಕೊರೆದಂತಾಗುತ್ತದೆ. ಚರ್ಮ ಗಟ್ಟಿಯಾಗುವವರೆಗೆ ನೋವು ತಪ್ಪಿದ್ದಲ್ಲ. ನೋಯತೊಡಗಿದ ಕೂಡಲೇ ಬೆರಳು ನಮ್ಮನ್ನು ಕೇಳದೆ ಒತ್ತಡ ಕಡಿಮೆ ಮಾಡುತ್ತದೆ. ಆಗ ತಂತಿ ಮೆಟ್ಟಿಲಿಗೆ ಸರಿಯಾಗಿ ಕೂರದೆ ಜರ್ ಜರ್ ಅನ್ನುತ್ತದೆ. ಹಾಗೇ ಮುಂದುವರಿಸಿದರೆ ಕೈಗೆ ಅಭ್ಯಾಸವಾಗುವುದು ಆ ಅರೆಬರೆ ಒತ್ತು. ಹತ್ತು ನಿಮಿಷದ ಹಿಂದೆ ಶುದ್ಧವಾಗಿ ನುಡಿದ ಮೆಟ್ಟಿಲು ಈಗ ಜರ್ ಅಂದರೆ ಆ ದಿನದ ಪಾಠ ಮುಗಿಯಿತು ಎಂದು ತಿಳಿಯಬೇಕು, ಗಡಿಯಾರ ಏನೇ ಹೇಳಲಿ. ನಿನ್ನೆ ತಪ್ಪಿಸಿದ್ದಕ್ಕೆ ಇವತ್ತು 50 ನಿಮಿಷ ಕೂರುತ್ತೇನೆ ಅನ್ನುವ ಲೆಕ್ಕವೂ ಇದೇ ಕಾರಣಕ್ಕೆ ನಡೆಯುವುದಿಲ್ಲ.

ಇನ್ನು ಆ 25 ನಿಮಿಷದ ಹಂಚಿಕೆ. ಮೊದಲ 3 ನಿಮಿಷ ಶ್ರುತಿಗೆ. ಶ್ರುತಿಪೆಟ್ಟಿಗೆ ಹಾಕಿಕೊಂಡು, ಬಿರಡೆ ತಿರುಗಿಸಿ, ಸಾರಣಿಯನ್ನೂ ಪಕ್ಕದ ಮೂರು ತಾಳದ ತಂತಿಗಳನ್ನೂ ಕೂಡಿಸಿಕೊಳ್ಳುವುದು. ಮುಂದಿನ 5 ನಿಮಿಷ ಬಲಗೈಗೆ ಮಾತ್ರ. ಎಡಗೈ ಸುಮ್ಮನೆ ಇರುತ್ತದೆ. ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ತೋರುಬೆರಳು ಒಮ್ಮೆ, ನಡುಬೆರಳು ಒಮ್ಮೆ ಸಾರಣಿಯನ್ನು ಮೀಟಬೇಕು. ಆದಿತಾಳದ ಎಂಟು ಎಣಿಕೆಯಲ್ಲಿ ಪೆಟ್ಟು ಬೀಳುವ 1, 5, 7ರಲ್ಲಿ ಕಿರುಬೆರಳು ತಾಳದ ತಂತಿಗಳನ್ನು ಮೇಲಕ್ಕೆ ಮೀಟುತ್ತದೆ. ನಮ್ಮ ಪಾಠದ ಕ್ರಮ ಇದು. ಕಣ್ಣು ಮುಚ್ಚಿ ಕೇಳಿದಾಗ ಯಾವ ಮೀಟು ಯಾವ ಬೆರಳಿನದು ಎಂದು ಗೊತ್ತಾಗುತ್ತಿದ್ದರೆ ಎರಡು ಬೆರಳು ಇನ್ನೂ ಸಮವಾಗಿಲ್ಲ ಎಂದೇ ಅರ್ಥ. ನಡುವಿನ 12 ನಿಮಿಷ ಆ ವಾರದ ಗುರಿಗೆ. ಕೊನೆಯ 5 ನಿಮಿಷದಲ್ಲಿ ಹಳೆಯ ಪಾಠವನ್ನು ತಪ್ಪಿದರೂ ನಿಲ್ಲಿಸದೆ ಮೊದಲಿಂದ ಕೊನೆಯವರೆಗೆ ನುಡಿಸುವುದು. ತಿದ್ದಿಕೊಳ್ಳುವ ಕೆಲಸ ನಡುವಿನ ಪಾಲಿನದು, ಸಾಗುವ ಕೆಲಸ ಕೊನೆಯ ಪಾಲಿನದು. ಇವೆರಡನ್ನು ಬೆರೆಸಿದರೆ ಪ್ರತಿ ತಪ್ಪಿಗೂ ನಿಂತು ಹಿಂದಕ್ಕೆ ಹೋಗುವ ಚಾಳಿ ಅಂಟಿಕೊಳ್ಳುತ್ತದೆ.

ವಾರದ ಗುರಿಯ ವಿಷಯಕ್ಕೆ ಬರುವ ಮುನ್ನ ಮಾಯಾಮಾಳವಗೌಳ ಹೇಗೆ ಕೂತಿದೆ ಎಂದು ಒಮ್ಮೆ ನೋಡಬೇಕು. ಸರಳೆ ವರಸೆಯನ್ನು ಈ ರಾಗದಲ್ಲಿ ಶುರುಮಾಡುವ ಪದ್ಧತಿಯನ್ನು ಪುರಂದರದಾಸರು ಹಾಕಿಕೊಟ್ಟರು ಎನ್ನುವುದು ಸಂಪ್ರದಾಯ. ಅದರ ಚೆಂದ ವೀಣೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಏನೂ ಒತ್ತದ ಸಾರಣಿ ಸ. ಎಡಗಡೆಯ ಮೇರುವಿನಿಂದ ಎಣಿಸಿದರೆ 1ನೇ ಮೆಟ್ಟಿಲು ರಿ, 4ನೆಯದು ಗ, 5 ಮ. ಇನ್ನು 7 ಪ, 8 ದ, 11 ನಿ, 12 ಮೇಲಿನ ಸ. ಮೊದಲ ನಾಲ್ಕು ಸ್ವರಗಳ ನಡುವೆ ಎಷ್ಟೆಷ್ಟು ಮೆಟ್ಟಿಲೋ ಮುಂದಿನ ನಾಲ್ಕರ ನಡುವೆಯೂ ಅಷ್ಟಷ್ಟೇ: ಒಂದು, ಮೂರು, ಒಂದು. ಎಣಿಕೆ ಒಂದೇ, ಆದರೆ ಅಂತರ ಒಂದೇ ಅಲ್ಲ. ಮೆಟ್ಟಿಲುಗಳು ಮೇರುವಿನ ಹತ್ತಿರ ದೂರದೂರ, ಕುದುರೆಯ ಕಡೆ ಸರಿದಂತೆ ಒತ್ತೊತ್ತು. ಹಾಗಾಗಿ ಕೆಳಗಿನ ಗ-ರಿ ನಡುವಿನ ಜಾಗ ಮೇಲಿನ ನಿ-ದ ನಡುವಿನದಕ್ಕಿಂತ ಒಂದೂವರೆ ಪಟ್ಟು. ಮೇರುವಿನಿಂದ ಕುದುರೆಗೆ 80 ಸೆಂಟಿಮೀಟರ್ ತಂತಿ ಇದ್ದರೆ ಒಂದು ಕಡೆ ಸುಮಾರು 12 ಸೆಂಟಿಮೀಟರ್, ಇನ್ನೊಂದು ಕಡೆ 8.

ಈ ನಕ್ಷೆಯೇ ನನ್ನ ಮೊದಲ ತಿಂಗಳ ವೇಳಾಪಟ್ಟಿ. ಮೊದಲ ವಾರ ಸ-ರಿ-ಗ-ಮ ಹತ್ತಿ ಇಳಿಯುವುದಷ್ಟೇ. ಎರಡನೇ ವಾರ ಪ-ದ-ನಿ-ಸ. ಈ ಮೇಲಿನ ಅರ್ಧಕ್ಕೆ ಒಳಗೇ ಒಂದು ಪರೀಕ್ಷೆ ಇದೆ: 12ನೇ ಮೆಟ್ಟಿಲ ಸ ನುಡಿಸಿ, ತಕ್ಷಣ ಕಿರುಬೆರಳಿಂದ ತಾಳದ ತಂತಿಗಳನ್ನು ಮೀಟಿದರೆ ಎರಡೂ ನಾದ ಕೂಡಿಕೊಳ್ಳಬೇಕು. ತಂತಿಗಳು ಶ್ರುತಿಯಲ್ಲಿದ್ದೂ ನಾದ ಅಲೆಯಲೆಯಾಗಿ ತೊನೆದರೆ, ಬೆರಳು ತಂತಿಯನ್ನು ಜಾಸ್ತಿ ಒತ್ತಿ ಅಥವಾ ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸಿದೆ ಎಂದು ಲೆಕ್ಕ. ಮೆಟ್ಟಿಲಿಗೆ ತೀರಾ ಹತ್ತಿರ, ಅದರ ಎಡ ಬದಿಗೆ ಬೆರಳಿಟ್ಟರೆ ಕಡಿಮೆ ಒತ್ತಿಗೇ ಸ್ವರ ಹೊಮ್ಮುತ್ತದೆ. ಮೂರನೇ ವಾರ ಎರಡು ತುಂಡುಗಳನ್ನು ಜೋಡಿಸಿ ಇಡೀ ವರಸೆ, ಒಂದನೇ ಕಾಲದಲ್ಲಿ.

ನಾಲ್ಕನೇ ವಾರದ ಗುರಿ ಎರಡನೇ ಕಾಲ. ಒಂದೊಂದು ಎಣಿಕೆಗೆ ಎರಡೆರಡು ಸ್ವರ. ಹತ್ತುವುದು ಸಲೀಸು. ಇಳಿಯುವಾಗ ಸ-ನಿ-ದ-ಪ ದಾಟಿ, ಮ-ಗ ತನಕ ಬಂದು, ರಿಗೆ ಹೋಗುವಾಗ ಮಾತ್ರ ಪ್ರತಿ ಸಲವೂ ಕೈ ತಡವರಿಸುತ್ತಿತ್ತು. ನಮ್ಮ ಪಾಠದಲ್ಲಿ ಗ, ರಿ ಎರಡಕ್ಕೂ ತೋರುಬೆರಳೇ. ಬೇರೆ ಕಡೆಗಳಲ್ಲಿ ತೋರುಬೆರಳೂ ನಡುಬೆರಳೂ ಕೆಲಸ ಹಂಚಿಕೊಳ್ಳುತ್ತವೆ, ಇಲ್ಲಿ ಒಂದೇ ಬೆರಳು 12 ಸೆಂಟಿಮೀಟರ್ ಹಾರಬೇಕು. ಎತ್ತದೆ ಜಾರಿಸಿಕೊಂಡು ಹೋದರೆ ನಡುವಿನ ಮೆಟ್ಟಿಲುಗಳೂ ಬಾಯಿ ಹಾಕುತ್ತವೆ. ನಾನು ಛಲ ಬಿಡದೆ ಇಡೀ ವರಸೆಯನ್ನು ಮತ್ತೆ ಮತ್ತೆ ನುಡಿಸುತ್ತಿದ್ದೆ. "ಏನ್ರೀ, ಇದು ಇವತ್ತೂ ಮುಗೀಲಿಲ್ವಾ?" ಎಂದು ಅಡುಗೆಮನೆಯಿಂದ ವಿಚಾರಣೆಯೂ ಆಗುತ್ತಿತ್ತು.

ಭಾನುವಾರ ಟೀಚರ್ ಎರಡು ಸಲ ಕೇಳಿ, "ಪೂರ್ತಿ ನುಡಿಸಬೇಡಿ ಸಾರ್. ಈ ವಾರ ನಿಮಗೆ ಗ-ರಿ ಅಷ್ಟೇ," ಅಂದರು.

"ಬರೀ ಎರಡು ಸ್ವರಕ್ಕೆ ಒಂದು ವಾರವೇ, ಟೀಚರ್?"

"ಲೆಕ್ಕ ಹಾಕಿ ನೋಡಿ, ನೀವೇ ಕಚೇರಿಯಲ್ಲಿ ಲೆಕ್ಕ ನೋಡೋರಲ್ವಾ?"

ಹಾಕಿದೆ. ಹತ್ತಿ ಇಳಿದರೆ ಹದಿನಾರು ಸ್ವರ. 60ರ ವೇಗದಲ್ಲಿ, ಎರಡನೇ ಕಾಲದಲ್ಲಿ, ಒಂದು ಸ್ವರಕ್ಕೆ ಅರ್ಧ ಸೆಕೆಂಡು, ಇಡೀ ವರಸೆಗೆ 8 ಸೆಕೆಂಡು. 12 ನಿಮಿಷ ಉಸಿರು ಬಿಡದೆ ನುಡಿಸಿದರೂ 90 ಸಲ. ಇಳಿಯುವಾಗಿನ ಗ-ರಿ ಹಾರಾಟಕ್ಕೆ ಪ್ರತಿ ಸಲ ಸಿಗುವುದು ಅರ್ಧ ಸೆಕೆಂಡು. ಅಂದರೆ ಕೈ ಕೆಡುವ ಜಾಗಕ್ಕೆ 12 ನಿಮಿಷದಲ್ಲಿ ಒಟ್ಟು 45 ಸೆಕೆಂಡಿನ ಅಭ್ಯಾಸ, ಆಗಲೇ ಬರುವ ಸ್ವರಗಳಿಗೆ ಉಳಿದ 11 ಕಾಲು ನಿಮಿಷ. ಯಾವ ಆಡಿಟರೂ ಒಪ್ಪದ ಖರ್ಚು.

ಆ ವಾರದ 12 ನಿಮಿಷ ಹೀಗೆ ನಡೆಯಿತು. ಸೋಮವಾರ, ಮಂಗಳವಾರ ಗ-ರಿ, ಗ-ರಿ ಮಾತ್ರ. ಮೆಟ್ರೊನೋಮ್ 50ಕ್ಕೆ ಇಳಿಸಿ, ಎಣಿಕೆಗೆ ಒಂದು ಸ್ವರ. ಸ್ವರ ಮುಗಿದ ಮೇಲೆ ಬೆರಳು ತಂತಿಯಿಂದ ಕೂದಲೆಳೆಯಷ್ಟು ಮೇಲೇಳಬೇಕು, ಕಣ್ಣು ಬೆರಳಿಗಿಂತ ಮೊದಲೇ 1ನೇ ಮೆಟ್ಟಿಲಿಗೆ ಹೋಗಿರಬೇಕು. ಬೆರಳ ಹಿಂದೆ ಕಣ್ಣು ಹೋದರೆ ಯಾವತ್ತೂ ತಡ. ಕೊಬ್ಬರಿ ಎಣ್ಣೆಯಲ್ಲಿ ಅದ್ದಿಟ್ಟ ಹತ್ತಿಯನ್ನು ಬೆರಳ ತುದಿಗೆ ಸೋಕಿಸಿಕೊಂಡರೆ ತಂತಿ ಚರ್ಮಕ್ಕೆ ಕಚ್ಚಿಕೊಳ್ಳುವುದಿಲ್ಲ. ಬುಧವಾರ ಹಿಂದೊಂದು ಮುಂದೊಂದು ಸೇರಿಸಿ ಮ-ಗ-ರಿ-ಸ. ಗುರುವಾರ ಅದನ್ನೇ ಎರಡನೇ ಕಾಲಕ್ಕೆ, 50ರ ವೇಗದಲ್ಲೇ. ಶುಕ್ರವಾರ ಪ-ಮ-ಗ-ರಿ-ಸ, ಆಮೇಲೆ ಇಡೀ ಅವರೋಹಣ, ವೇಗ 54, 57, 60. ಶನಿವಾರ ಪರೀಕ್ಷೆ: ಇಡೀ ವರಸೆ, ಎರಡನೇ ಕಾಲ, ವೇಗ 60, ತಾಳದ ತಂತಿ ಸಹಿತ, ನಿಲ್ಲಿಸದೆ ಸತತ ಮೂರು ಸಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ವೀಣೆ ಕೆಳಗಿಟ್ಟ ಮೇಲೆ ಕೇಳುವುದು. ನುಡಿಸುವ ಹೊತ್ತಿಗೆ ಕಿವಿಗೆ ಬೆರಳಿನ ಚಿಂತೆಯೇ ಹೆಚ್ಚು, ತಾಳ ಓಡಿದ್ದು ಅದಕ್ಕೆ ತಿಳಿಯುವುದಿಲ್ಲ. ರೆಕಾರ್ಡಿನಲ್ಲಿ ಮೂರೂ ಸಲ ರಿ ಎಣಿಕೆಗೆ ಸರಿಯಾಗಿ ಬಂದಿತ್ತು.

ಗುರಿಯನ್ನು ಇಷ್ಟು ಬಿಡಿಸಿ ಬರೆಯುವುದರಲ್ಲೇ ಅರ್ಧ ಅಭ್ಯಾಸ ಇದೆ. ಯಾವ ತುಂಡು, ಯಾವ ಕಾಲ, ಎಷ್ಟು ವೇಗ, ಎಷ್ಟು ಸಲ. ಶನಿವಾರ ಅದಕ್ಕೆ ಆಯಿತು ಅಥವಾ ಆಗಲಿಲ್ಲ ಎನ್ನುವ ಎರಡೇ ಉತ್ತರ ಇರಬೇಕು. ಆಗಲಿಲ್ಲವಾದರೆ ಅದೇ ಗುರಿಯನ್ನು ಹಾಗೇ ಮುಂದಿನ ವಾರಕ್ಕೆ ತಳ್ಳಬಾರದು, ವೇಗವನ್ನು 52ಕ್ಕೆ ಇಳಿಸಬೇಕು. ಅದೂ ಆಗದಿದ್ದರೆ ತುಂಡನ್ನು ಅರ್ಧ ಮಾಡಬೇಕು.

ಈ ಪಟ್ಟಿಗೂ ಒಂದು ಮಿತಿ ಇದೆ. ಬೆರಳು ಎಲ್ಲಿ ಕೂರಬೇಕು, ಯಾವಾಗ ಕೂರಬೇಕು ಎನ್ನುವಷ್ಟನ್ನು ಇದು ಕಲಿಸುತ್ತದೆ. ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಲ್ಲಿ ಸ್ವರವನ್ನು ತೂಗುವ ಗಮಕವನ್ನು ಮೆಟ್ರೊನೋಮ್ ಕಲಿಸಲಾರದು. ಅದಕ್ಕೆ ಗಟ್ಟಿಯಾದ ಬೆರಳ ತುದಿಯೂ ಬೇಕು, ಎದುರಿಗೆ ಕೂತು ನುಡಿಸಿ ತೋರಿಸುವ ಗುರುವೂ ಬೇಕು. ವಾರದ ಲೆಕ್ಕ ಜಂಟಿ ವರಸೆ, ಅಲಂಕಾರಗಳವರೆಗೆ ಚೆನ್ನಾಗಿ ನಡೆಯುತ್ತದೆ. ವರ್ಣಕ್ಕೆ ಬಂದ ಮೇಲೆ ಕಿವಿಯೇ ಗುರಿ ಗೊತ್ತುಮಾಡಬೇಕು.

ನೀವೂ ಹೊಸದಾಗಿ ವೀಣೆ ಹಿಡಿದಿದ್ದರೆ, ಈ ಸೋಮವಾರ ಪುಸ್ತಕದ ಮೂಲೆಯಲ್ಲಿ 'ಚೆನ್ನಾಗಿ ಅಭ್ಯಾಸ ಮಾಡಬೇಕು' ಎಂದು ಬರೆಯಬೇಡಿ. ಕೈ ಎಡವುವ ಎರಡು ಸ್ವರ ಯಾವುವು ಎಂದು ಹುಡುಕಿ, ಅವನ್ನೇ ಬರೆದುಕೊಳ್ಳಿ.